ಒಳಗೆ ಎರಡು, ಹೊರಗೆ ಒಂದು

ಮಕ್ತಲದಿಂದ ಹರದಾರಿ ಆಚೆಗೆ, ದಾರಿಯ ಪಕ್ಕದ ಪಾಳು ಹೊಲದಲ್ಲಿ, ಜಂಬಪ್ಪ ಬಂಡಿ ನಿಲ್ಲಿಸಿ ಎತ್ತುಗಳ ಕೊರಳು ಬಿಚ್ಚಿದ. ಇನ್ನು ಮುಂದೆ ಸಾಗುವಂತಿರಲಿಲ್ಲ. ಮಗಳು ತಿರುಪತಮ್ಮ ಮೊನ್ನೆ ದಾರಿಯಲ್ಲೇ ಹಡೆದಿದ್ದಳು. ಬಂಡಿಯ ಕುಲುಕಾಟಕ್ಕೆ ಅವಳ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಪಡುವಣದಲ್ಲಿ ಹಸ್ತ ಮಳೆಯ ಮೋಡ ಕಟ್ಟುತ್ತಿತ್ತು.

ರಜಾಕಾರರು ಊರಿಗೆ ಬೆಂಕಿಯಿಟ್ಟ ಬೇಸಿಗೆಯಿಂದ ಈ ಬಂಡಿಯೇ ಅವನ ಮನೆ. ಹೆಂಡತಿ ಬುಗ್ಗಮ್ಮ, ಬಸುರಿ ಮಗಳು, ಅಳಿಯ, ಇಷ್ಟು ಮಂದಿಯನ್ನು ಹೇರಿಕೊಂಡು ಗದ್ವಾಲ ದಾಟಿ, ಐಜದ ಮೇಲೆ ತುಂಗಭದ್ರೆಯ ಆಚೆಗೆ ಓಡಿದ್ದ. ಪೊಲೀಸ್ ಕಾರ್ಯಾಚರಣೆ ಮುಗಿಯಿತು, ನಿಜಾಮನ ಸರ್ಕಾರ ಶರಣಾಯಿತು ಎಂಬ ಸುದ್ದಿ ಬಂದ ಮೇಲೆ ಮತ್ತೆ ಅದೇ ದಾರಿಯಲ್ಲಿ ತಿರುಗಿದ್ದ. ಕೊತ್ತಪಲ್ಲಿಯ ಹತ್ತಿರದ ತಮ್ಮೂರಿಗೆ ಅಳಿಯ ಮುಂದಾಗಿ ಹೋಗಿ, ಸುಟ್ಟ ಗೋಡೆಗಳ ಮೇಲೆ ಜಂತಿ ಇಡುತ್ತಿದ್ದ. ಸುಟ್ಟದ್ದಾದರೂ ಅದು ತಮ್ಮ ಗೋಡೆ. ಆದರೆ ಅಲ್ಲಿಗೆ ಮುಟ್ಟುವ ತನಕ ಬಾಣಂತಿಯನ್ನು ಎಲ್ಲಿ ಮಲಗಿಸುವುದು?

ಹಿಂದಿನ ಊರಿನಲ್ಲಿ ಕೇಳಿದ್ದ. ಗುಡಿಯ ಮಂಟಪ ಖಾಲಿಯಿತ್ತು, ನಾಯಿಗಳು ಮಲಗಿದ್ದವು. ಊರ ಹಿರಿಯರು ಒಳ್ಳೆಯ ಮಾತಿನಲ್ಲೇ ಇಲ್ಲವೆಂದರು. ಸೂತಕದವರು ಮಂಟಪ ಹತ್ತಬಾರದಂತೆ. ನಾಯಿಗೆ ಇಲ್ಲದ ಮೈಲಿಗೆ ಹಡೆದ ಹೆಣ್ಣಿಗೆ ಹೇಗೆ ಬಂತೆಂದು ಆ ಹಿರಿಯರನ್ನು ಯಾರೂ ಕೇಳಲಿಲ್ಲ. ಜಂಬಪ್ಪನೂ ಕೇಳಲಿಲ್ಲ. ಜಗಳಕ್ಕೆ ಬೇಕಾದ ಉಸಿರು ಅವನಲ್ಲಿ ಉಳಿದಿರಲಿಲ್ಲ.

ಅವನಲ್ಲಿ ಉಳಿದದ್ದು ಒಂದು ತಾಡಪತ್ರಿ. ಗದ್ವಾಲದ ಹತ್ತಿ ವಖಾರಿಯಲ್ಲಿ ಹೇರು ಹಾಕಿದ್ದಕ್ಕೆ ಸಾಹುಕಾರ ಕೊಟ್ಟ ಹಳೆಯ ದಪ್ಪ ಬಟ್ಟೆ. ಅಂಚಿಗೆ ಹಗ್ಗ ಪೋಣಿಸುವ ಹಿತ್ತಾಳೆಯ ಕಣ್ಣುಗಳಿದ್ದವು. ಜೊತೆಗೆ ಬಂಡಿಯ ಪುಂಡಿ ನಾರಿನ ಹಗ್ಗಗಳು.

ಬಂಡಿಯನ್ನು ಹಿಂದಕ್ಕೆ ವಾಲಿಸಿ, ನೊಗ ಕಟ್ಟುವ ಮೂಕಿಮರ ಮೇಲೆ ಬರುವಂತೆ ನಿಲ್ಲಿಸಿದ. ಆ ಮೂಕಿಯ ತುದಿಯಿಂದ ಎದುರಿನ ಬೇವಿನ ಮರಕ್ಕೆ ನಡುಹಗ್ಗ ಕಟ್ಟಿ, ಅದರ ಮೇಲೆ ತಾಡಪತ್ರಿ ಹೊದಿಸಿ, ಎರಡೂ ಮಗ್ಗುಲಿಗೆ ಹಗ್ಗ ಎಳೆದು ಗೂಟ ಹೊಡೆದ. ಬಂಡಿ ಹೂಡುವವನ ಕೈ. ಹೇರು ಬಿಗಿಯುವುದೊಂದೇ ಅದಕ್ಕೆ ಗೊತ್ತು. ಒಂದೊಂದು ಹಗ್ಗವನ್ನೂ ಕಾಲು ಕೊಟ್ಟು ಎಳೆದು, ಬಿಚ್ಚಲಾರದ ಕಗ್ಗಂಟು ಹಾಕಿದ. ಬೆರಳಿನಿಂದ ಬಾರಿಸಿದರೆ ತಾಡಪತ್ರಿ ಹಲಗೆಯಂತೆ ನುಡಿಯಿತು.

"ಆತು. ತಿರುಪತೀನ ಇಳಿಸ್ಕೊ," ಎಂದ. ಬುಗ್ಗಮ್ಮ ಒಳಗಿನ ಅರ್ಧಕ್ಕೆ ಕಂಬಳಿಯೊಂದನ್ನು ಪರದೆಯಾಗಿ ತೂಗುಬಿಟ್ಟು, ಅದರ ಹಿಂದೆ ಮಗಳನ್ನೂ ಕೂಸನ್ನೂ ಮಲಗಿಸಿದಳು.

"ಅಣ್ಣಾ, ಆ ಗಂಟು ಬಿಚ್ಚಿ ಕಟ್ರಿ. ಮಳಿ ಬಂತಂದ್ರ ಹರೀತೈತಿ."

ಮಾತು ಬೇವಿನ ಮರದ ಆಚೆಯ ಪೊದೆಯಿಂದ ಬಂತು. ಅಲ್ಲಿ ಒಬ್ಬ ಮುದುಕ ಕೂತಿದ್ದ. ನೆರೆತ ಗಡ್ಡ, ಹರಿದ ಅಂಗಿ, ಒಂದು ಕಾಲಿಗೆ ಸುಟ್ಟ ಗಾಯ. ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ. ಇದ್ದಲ್ಲಿನ ಗೆರೆ ಮಾತ್ರ ಹಣೆಯ ಮೇಲೆ ಉಳಿದಿತ್ತು. ಜಂಬಪ್ಪ ದಿಟ್ಟಿಸಿ ನೋಡಿದ. ಆ ದನಿ ಅವನಿಗೆ ಗುರುತಿತ್ತು.

"ನೀ ಫರಾಶ ಮೌಲಾಲಿ ಅಲ್ಲೇನು?"

ಮುದುಕ ಸುಟ್ಟ ಕಾಲನ್ನು ಪೊದೆಯೊಳಕ್ಕೆ ಎಳೆದುಕೊಂಡ.

ಫರಾಶನೆಂದರೆ ಸರ್ಕಾರಿ ಡೇರೆ ಹಾಕುವವ. ತಹಸೀಲ್ದಾರರೋ ತಾಲೂಕದಾರರೋ ಹಳ್ಳಿಗಳ ತಿರುಗಾಟಕ್ಕೆ, ದೌರೆ, ಬಂದಾಗ ಊರ ಹೊರಗೆ ಡೇರೆ ಏಳುತ್ತಿತ್ತು. ಡೇರೆ ಹೊರಲು ಹಳ್ಳಿಯವರ ಬಂಡಿ, ಗೂಟ ಹೊಡೆಯಲು ಹಳ್ಳಿಯವರ ತೋಳು, ಎಲ್ಲವೂ ಬಿಟ್ಟಿ. ಬಿತ್ತುವ ಹದದ ದಿನ ಜಂಬಪ್ಪನನ್ನು ನೊಗದಿಂದೆಬ್ಬಿಸಿ ಒಯ್ದಿದ್ದರು. ಹಳ್ಳದ ಕೆಸರಿನಲ್ಲಿ ಡೇರೆಯ ಭಾರಕ್ಕೆ ಅವನ ಎತ್ತು ಬಿದ್ದು ಕಾಲು ಮುರಿದುಕೊಂಡಿತ್ತು. ಆಗ ದಡದ ಮೇಲೆ ನಿಂತು "ಖೀಂಚೋ, ಖೀಂಚೋ" ಎಂದು, ಇನ್ನೂ ಎಳೆಸಿರೆಂದು, ಕೂಗಿದವ ಈ ಮುದುಕನೇ.

"ಅವತ್ತು ನಿನ್ನ ಮಾತು ಕೇಳಿದ್ವಿ," ಜಂಬಪ್ಪ ಹೇಳಿದ. "ಆ ಕಾಲ ಮುಗೀತು. ನನ್ನ ಗಂಟು ನನಗ ಗೊತ್ತೈತಿ. ಸುಮ್ಮ ಎದ್ದು ಹೋಗು."

"ಹೋಗ್ತೀನ್ರಿ. ಬೆನ್ನ ಹಿಂದ ಮಂದಿ ಬಂದಾರ. ಕತ್ತಲಾಗ್ಲಿ ಅಂತ ಕುಂತೀನಿ."

ಅಷ್ಟೇ ಹೇಳಿದ. ಮಿಕ್ಕದ್ದು ಅವನ ಕಾಲಿನ ಗಾಯದಲ್ಲಿತ್ತು. ಸೈನ್ಯ ಮುಂದೆ ಸಾಗಿದ ಮೇಲೆ ಹಳ್ಳಿಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ನಡೆದದ್ದನ್ನು ಜಂಬಪ್ಪ ದಾರಿಯುದ್ದಕ್ಕೂ ಕಂಡಿದ್ದ. ಡೇರೆಯೊಳಗೆ ಮೆತ್ತನೆಯ ಹಾಸಿಗೆಯಲ್ಲಿ ಮಲಗಿದ ದೊಡ್ಡವರು ಹೈದರಾಬಾದಿನಲ್ಲಿ ಕ್ಷೇಮವಾಗಿದ್ದರು; ಕೆಲವರು ಹೊಸ ಸರ್ಕಾರಕ್ಕೂ ಸಲಾಮು ಹೊಡೆದು ಹಳೆಯ ಕುರ್ಚಿಯಲ್ಲೇ ಕೂತಿದ್ದರು. ಡೇರೆ ಕಟ್ಟಿದವನ ಗುಡಿಸಲು ಉರಿದಿತ್ತು. ರಜಾಕಾರರಿಗೆ ಕೈ ಮುಗಿದು ಬದುಕಿದವರೇ ಈಗ ಬಡಿಗೆ ಹಿಡಿದು ಶೂರರಾಗಿದ್ದರು. ಸೇಡಿಗೂ ನ್ಯಾಯಕ್ಕೂ ವ್ಯತ್ಯಾಸ ತಿಳಿಯದ ನಾಡಿಗೆ ಸ್ವಾತಂತ್ರ್ಯ ಬಂದರೇನು, ಬಿಟ್ಟರೇನು? ಆದರೆ ಆ ಹೊತ್ತಿಗೆ ಜಂಬಪ್ಪನೂ ಇಷ್ಟು ದೂರ ಯೋಚಿಸಲಿಲ್ಲ. ಅವನ ಕಣ್ಣ ಮುಂದೆ ಕೆಸರಿನಲ್ಲಿ ಬಿದ್ದ ಎತ್ತು ಒಂದೇ ಇತ್ತು.

ಮಳೆ ಬಂತು. ಮೊದಲು ದಪ್ಪ ಹನಿ, ಆಮೇಲೆ ಗಾಳಿಯೊಡನೆ ಒಂದೇ ಸಮನೆ.

ಪುಂಡಿ ನಾರು ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದಷ್ಟೂ ಗಿಡ್ಡವಾಗುತ್ತದೆ. ಹೇರಿಗೆ ಅದು ಒಳ್ಳೆಯದು. ಬಂಡಿಯವರು ಬೇಕೆಂದೇ ಹಗ್ಗಕ್ಕೆ ನೀರು ಹೊಡೆದು ಮೂಟೆಗಳನ್ನು ಬಿಗಿಯುತ್ತಾರೆ. ಅದೇ ಅಭ್ಯಾಸ ಇಲ್ಲಿ ಮುಳುವಾಯಿತು. ಒಣಗಿದ್ದಾಗಲೇ ತುದಿಮುಟ್ಟ ಬಿಗಿದಿದ್ದ ಹಗ್ಗಗಳು ಈಗ ಗಿಡ್ಡವಾಗಲು ಜಾಗ ಕಾಣದೆ ನರಳಿದವು. ಕಗ್ಗಂಟು ಸಡಿಲಿಸೋಣವೆಂದು ಜಂಬಪ್ಪ ಉಗುರು ಹಾಕಿದ. ನೆನೆದ ಗಂಟು ಕಲ್ಲಾಗಿತ್ತು. ಪಡುವಣದ ಗಾಳಿ ಒಮ್ಮೆ ಒದ್ದದ್ದೇ ತಡ, ಮೂಲೆಯ ಹಿತ್ತಾಳೆ ಕಣ್ಣು ಬಟ್ಟೆಯನ್ನು ಸೀಳಿಕೊಂಡು ಹಾರಿತು. ಪಕ್ಕದ ಗೂಟ ನೆನೆದ ಎರೆಮಣ್ಣಿನಿಂದ ಹಲ್ಲು ಕಿತ್ತಂತೆ ಬಂತು. ನಡುಹಗ್ಗದ ಜಗ್ಗಿಗೆ ಮೂಕಿ ಮುಂದಕ್ಕೆ ಬಾಗಿತು. ನೆನೆದ ತಾಡಪತ್ರಿ ಅಷ್ಟೂ ಬಾಣಂತಿಯ ಮೇಲೆ ಕುಸಿಯಿತು.

ಕೂಸು ಅತ್ತಿತು. "ಅಪ್ಪಾ!" ಎಂದು ತಿರುಪತಮ್ಮ ಕೂಗಿದಳು. ಜಂಬಪ್ಪ ಮೂಕಿಗೆ ಹೆಗಲು ಕೊಟ್ಟು ನಿಂತ. ಬಿಟ್ಟರೆ ಬೀಳುತ್ತದೆ, ಹಿಡಿದರೆ ಬೇರೆ ಕೆಲಸಕ್ಕೆ ಕೈಯಿಲ್ಲ.

ಆಗ ಬುಗ್ಗಮ್ಮ ಪೊದೆಯ ಕಡೆಗೆ ತಿರುಗಿ ಕೂಗಿದಳು: "ಏ ಸಾಬಣ್ಣ! ಅಲ್ಲೇ ಕುಂತು ನೋಡ್ತೀಯೇನು? ಬಾ ಇಲ್ಲಿ!"

"ಅವನ್ನ ಕರೀಬ್ಯಾಡ," ಜಂಬಪ್ಪ ಹಲ್ಲು ಕಚ್ಚಿಕೊಂಡು ಹೇಳಿದ.

"ನೀ ಸುಮ್ಮನಿರು. ಕೂಸಿನ ಮ್ಯಾಲ ನೀರು ಬೀಳಾಕತ್ತೈತಿ. ನಿನ್ನ ಸಿಟ್ಟು ಹೊಚ್ಚಾಕ ಬರ್ತೈತೇನು?"

ಮೌಲಾಲಿ ಆಗಲೇ ಕುಂಟುತ್ತ ಬಂದಿದ್ದ. ಅವಸರ ಮಾಡಲಿಲ್ಲ. ಮೂವತ್ತು ವರ್ಷ ಮಳೆಗಾಳಿಯಲ್ಲಿ ಇದನ್ನೇ ಮಾಡಿದ ಮನುಷ್ಯನಿಗೆ ಯಾವುದು ಮೊದಲೆಂಬುದು ತಿಳಿದಿರುತ್ತದೆ. ಜಂಬಪ್ಪನ ಕುಡುಗೋಲಿನಿಂದ ಕಗ್ಗಂಟುಗಳನ್ನು ಕೊಯ್ದು ಹಾಕಿದ. ಮೂಕಿಯ ನೆತ್ತಿಯಿಂದ ನಡುಹಗ್ಗಕ್ಕೆ ಎದುರು ದಿಕ್ಕಿನಲ್ಲಿ ಇನ್ನೊಂದು ಹಗ್ಗ ಇಳಿಬಿಟ್ಟ.

"ಮುಂದ ಎಳೆಯೋದಕ್ಕ ಹಿಂದ ಎಳೆಯೋದು ಬೇಕ್ರಿ. ಇಲ್ಲಾಂದ್ರ ಬಂಡಿ ತಲಿ ಬಾಗಸ್ತೈತಿ."

ಹಸಿಮಣ್ಣಿನಲ್ಲಿ ಗೂಟ ನಿಲ್ಲದ ಕಡೆ ಗುಳಿ ತೋಡಿಸಿ, ಉದ್ದನೆಯ ಕಲ್ಲಿಗೆ ಹಗ್ಗದ ಕುಣಿಕೆ ಹಾಕಿ ಹೂಳಿಸಿದ. ಉಳಿದ ಗೂಟಗಳನ್ನು ಬಟ್ಟೆಗೆ ಬೆನ್ನು ಮಾಡಿ, ತಲೆ ಹೊರಕ್ಕೆ ವಾಲುವಂತೆ ಹೊಡೆಸಿದ. ಹರಿದ ಮೂಲೆಯಲ್ಲಿ ಕಣ್ಣೇ ಇರಲಿಲ್ಲ. ಒಂದು ದುಂಡು ಹರಳನ್ನು ಬಟ್ಟೆಯ ಒಳಗಿನಿಂದ ಒತ್ತಿ, ಹೊರಗೆ ಎದ್ದ ಗುಬುಟಿನ ಕೊರಳಿಗೆ ಹಗ್ಗ ಬಿಗಿದ. ಎಳೆದರೆ ಹರಳು ಜಾರಲಿಲ್ಲ, ಬಟ್ಟೆಯೂ ಹರಿಯಲಿಲ್ಲ.

ಕಡೆಗೆ ಗಂಟು. ಜಂಬಪ್ಪನನ್ನು ಹತ್ತಿರ ಕೂರಿಸಿಕೊಂಡ.

"ನೋಡ್ರಿ. ನಾ ಹೋಗಾವ. ಮಳಿ ಬಂದಾಗ ಸಡ್ಲ ಮಾಡಾವ್ರು, ಬಿಸಲು ಬಂದಾಗ ಬಿಗಿ ಮಾಡಾವ್ರು ನೀವ."

ಹಗ್ಗವನ್ನು ಗೂಟಕ್ಕೆ ಬಳಸಿ ಹಿಂದಕ್ಕೆ ತಂದ. ತಾಡಪತ್ರಿಯಿಂದ ಇಳಿದುಬಂದ ಹಗ್ಗಕ್ಕೆ ಅದರ ತುದಿಯನ್ನು, ಗೂಟವನ್ನು ಅಪ್ಪಿದ ಉಂಗುರದ ಒಳಮಗ್ಗುಲಲ್ಲಿ, ಗೂಟದ ಕಡೆಗೆ ಸರಿಯುವಂತೆ ಒಂದರ ಪಕ್ಕ ಒಂದು ಎರಡು ಸುತ್ತು ಸುತ್ತಿದ. ಆಮೇಲೆ ಆ ಸುತ್ತುಗಳನ್ನು ದಾಟಿ, ಉಂಗುರದ ಹೊರಗೆ, ತಾಡಪತ್ರಿಯ ಕಡೆಗೆ, ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿ ತುದಿಯನ್ನು ಅದರೊಳಗಿಂದ ಎಳೆದ. ಗಂಟನ್ನು ಮುಷ್ಟಿಯಲ್ಲಿ ಹಿಡಿದು ಮೇಲಕ್ಕೆ ದೂಡಿದ. ಅದು ಸಲೀಸಾಗಿ ಸರಿದು ಹಗ್ಗ ಬಿಗಿಯಾಯಿತು. ಕೈ ಬಿಟ್ಟು ಹಗ್ಗಕ್ಕೆ ಜೋತುಬಿದ್ದ, ಕದಲಲಿಲ್ಲ. ಗಂಟನ್ನು ಗೂಟದ ಕಡೆಗೆ ಇಳಿಸಿದ, ಹಗ್ಗ ಸಡಿಲಾಯಿತು.

"ಕೈಯಾಗ ಹಿಡಿದ್ರ ಸರೀತೈತಿ. ಹಗ್ಗ ಎಳದ್ರ ಕಚ್ಚತೈತಿ. ಈಗ ನೀವು."

ಜಂಬಪ್ಪ ಕಟ್ಟಿದ. ಎಳೆದ. ಗಂಟು ಸರ್ರನೆ ಜಾರಿ ಗೂಟಕ್ಕೆ ಬಡಿಯಿತು.

"ಒಳಗ ಎರಡು, ಹೊರಗ ಒಂದು. ನೀವು ಎಲ್ಲಾ ಹೊರಗ ಹಾಕೀರಿ. ಅದು ಬರೇ ಮಾಲಿ ಆತು, ಮದುವಿಗೆ ಹಾಕಾಕ."

ಪರದೆಯ ಹಿಂದೆ ತಿರುಪತಮ್ಮ ಸಣ್ಣಗೆ ನಕ್ಕಳು. ಜಂಬಪ್ಪ ನಗಲಿಲ್ಲ. ಮತ್ತೆ ಕಟ್ಟಿದ, ಬಿಚ್ಚಿದ, ಕಟ್ಟಿದ. ಈ ಸಲ ಕಚ್ಚಿತು. ಹಿಂದೆ ಎಷ್ಟೋ ದೌರೆಗಳಲ್ಲಿ ಗೂಟ ಹೊಡೆದಿದ್ದ. ಗಂಟಿಗೆ ಮಾತ್ರ ಯಾರನ್ನೂ ಕೈ ಹಚ್ಚಗೊಡುತ್ತಿರಲಿಲ್ಲ ಈ ಮುದುಕ. ಹಳ್ಳಿಯವರಿಗೆ ಅದು ಬಂದರೆ ಫರಾಶನ ರೊಟ್ಟಿ ಹೋದೀತೆಂಬ ಅಂಜಿಕೆ ಅವನದು. ಈಗ ರೊಟ್ಟಿಯೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ.

ಮಳೆ ಸ್ವಲ್ಪ ಇಳಿದಾಗ ದಾರಿಯ ಮೇಲೆ ಮಾತು ಕೇಳಿಸಿತು. ಗೋಣಿಚೀಲ ತಲೆಗೆ ಕವುಚಿಕೊಂಡು, ಬಡಿಗೆ ಹಿಡಿದ ನಾಲ್ಕಾರು ಮಂದಿ ಬರುತ್ತಿದ್ದರು. ಮೌಲಾಲಿ ಸುತ್ತ ನೋಡಿದ. ಬಟಾಬಯಲು. ಕುಂಟುಕಾಲಿಗೆ ಓಡುವ ಮಾತೇ ಇಲ್ಲ.

ಬುಗ್ಗಮ್ಮ ಪರದೆ ಎತ್ತಿದಳು. "ಒಳಗ ಹೋಗು."

"ಅಕ್ಕಾ, ಬಾಣಂತಿ ಅದಾಳ..."

"ಅದಕ್ಕ ಹೇಳಾಕತ್ತೀನಿ. ಬಾಣಂತಿ ಇದ್ದಲ್ಲಿಗೆ ಯಾವ ಗಂಡಸೂ ಬರಂಗಿಲ್ಲ."

ಹೆತ್ತ ತಂದೆಯೂ ಇಣುಕದ ಜಾಗ ಅದು. ಮುದುಕ ಬಾಗಿ ಒಳಹೊಕ್ಕು, ತಾಯಿಮಗುವಿಗೆ ಬೆನ್ನು ತಿರುಗಿಸಿ, ಹರಳು ಕಟ್ಟಿದ ಮೂಲೆಯ ಬಟ್ಟೆಗೆ ಮುಖ ಹಚ್ಚಿ ಕೂತ. ಸೂತಕದ ಹೆಸರಿನಲ್ಲಿ ಗುಡಿ ಮುಚ್ಚಿದ ಧರ್ಮ, ಅದೇ ಸೂತಕದ ಹೆಸರಿನಲ್ಲಿ ಇಲ್ಲಿ ಒಬ್ಬನಿಗೆ ಅಡಗುವ ಮರೆಯಾಯಿತು. ಬುಗ್ಗಮ್ಮ ಪರದೆ ಇಳಿಸಿದಳು.

ಮುಂದಿದ್ದವನು ಪೆದ್ದಪ್ಪ, ಪಕ್ಕದ ಊರಿನವ. ಜಂಬಪ್ಪನ ಜೊತೆ ಬಿಟ್ಟಿಗೆ ನಿಂತವನೇ.

"ಏನ್ ಜಂಬಣ್ಣ, ಜೀವಂತ ಅದೀಯಲ್ಲ! ಊರಿಗೆ ಹೊಂಟಿಯೇನು?"

"ಹೂಂ. ಮಗಳು ಹಡದಾಳ."

"ಏನ್ ಕೂಸು?"

"ಹೆಣ್ಣು."

"ಇರಲಿ ಬಿಡು. ಆ ಫರಾಶ ಈ ಕಡೆ ಬಂದ್ನೇನು? ಕುಂಟಿಕೊಂಡು ಹೊಂಟಾನಂತ."

"ನಾ ನೋಡಿಲ್ಲ. ಮಳಿಯಾಗ ಯಾರನ್ನ ನೋಡ್ಲಿ?"

ಪೆದ್ದಪ್ಪ ಹೊರಡಲು ತಿರುಗಿದವ ನಿಂತ. ಗೂಟದ ಹತ್ತಿರ ಕುಕ್ಕರಗಾಲಲ್ಲಿ ಕೂತು ಗಂಟು ಮುಟ್ಟಿದ. ಮೇಲೆ ದೂಡಿದ. ಸರಿಯಿತು. ಅವನ ಮುಖ ಬದಲಾಯಿತು.

"ಇದು ಸರ್ಕಾರಿ ಡೇರೆ ಗಂಟು. ಇದು ನಮಗ್ಯಾರಿಗೂ ಬರಂಗಿಲ್ಲ. ಆ ಮುದುಕ ಬೆರಳು ಹಚ್ಚಾಕ ಬಿಡ್ತಿದ್ದಿಲ್ಲ. ಯಾರು ಕಟ್ಟಿದ್ರೊ ಜಂಬ?"

"ನಾನ ಕಟ್ಟೀನಿ."

"ನೀ?"

"ಅಷ್ಟು ದೌರೆ ಬಿಟ್ಟಿ ಬಿದ್ದೀನಿ. ನೀ ಗೂಟ ನೋಡಕೋತ ನಿಂತಿ, ನಾ ಅವನ ಕೈ ನೋಡಕೋತ ನಿಂತೆ."

"ಹಂಗಾದ್ರ ಕಟ್ಟು, ನೋಡೋಣು."

ಹೇಳುತ್ತಲೇ ಪೆದ್ದಪ್ಪ ಹರಳು ಕಟ್ಟಿದ ಮೂಲೆಯ ಹಗ್ಗದ ಗಂಟು ಕಳಚಿ ಕೈಬಿಟ್ಟ. ಅದೇ ಗಾಳಿಯ ದಿಕ್ಕಿನ ಮೂಲೆ. ಅದರ ಹಿಂದೆ, ಒಂದೇ ಬಟ್ಟೆಯ ಅಂತರದಲ್ಲಿ, ಮುದುಕ ಕೂತಿದ್ದ. ಬಟ್ಟೆ ಹಾರಿದರೆ ಬಾಣಂತಿಯೂ ಬಯಲು, ಅವನೂ ಬಯಲು. ಗಂಟು ಜಾರಿದರೂ ಅಷ್ಟೇ.

"ನಿಮ್ಮ ಬಾಯಿಗೆ ಮಣ್ಣು ಹಾಕ!" ಬುಗ್ಗಮ್ಮ ಸಿಡಿದಳು. "ಬಾಣಂತಿ ಮೈಮ್ಯಾಲ ಮಳಿ ಹೊಡಸಾಕ ಬಂದೀರೇನು? ನಿಮ್ಮ ತಾಯಿ ನಿಮ್ಮನ್ನ ಹಡೀಲಿಲ್ಲ, ಹೊಲದಾಗ ಬಿತ್ತಿ ಬೆಳದ್ಲೇನು?"

ಹಿಂದಿದ್ದವರು ಒಂದು ಹೆಜ್ಜೆ ಸರಿದರು. ಪೆದ್ದಪ್ಪ ಸರಿಯಲಿಲ್ಲ.

ಜಂಬಪ್ಪ ಬಿಚ್ಚಿದ ಹಗ್ಗ ಹಿಡಿದು ಮೊಣಕಾಲೂರಿದ. ಗಾಳಿ ಬೀಸಿತು. ಮೂಲೆ ಹಾರಬೇಕಿತ್ತು, ಹಾರಲಿಲ್ಲ. ಒಳಗಿನಿಂದ ಎರಡು ಕೈ ಆ ಹರಳನ್ನು ಕೆಳಕ್ಕೆ ಜಗ್ಗಿ ಹಿಡಿದಿದ್ದವು. ಆ ಹಿಡಿತ ಬಟ್ಟೆಯ ಮೂಲಕ, ಹಗ್ಗದ ಮೂಲಕ ಜಂಬಪ್ಪನ ಅಂಗೈಗೆ ಬಂತು. ಒಂದು ಕ್ಷಣ ಅವನಿಗೆ ಎತ್ತು ನೆನಪಾಯಿತು. ಒಂದು ಸುತ್ತು ತಪ್ಪಿಸಿದರೆ ಸಾಕಿತ್ತು. ಯಾರೂ ಅವನನ್ನು ದೂರುತ್ತಿರಲಿಲ್ಲ.

ಹಗ್ಗವನ್ನು ಹೂಳಿದ ಕಲ್ಲಿನ ಕುಣಿಕೆಯೊಳಗೆ ತೂರಿಸಿ ಹಿಂದಕ್ಕೆ ತಂದ. ಒಳಗ ಎರಡು. ಬೆರಳು ತಾವಾಗಿ ಸುತ್ತಿದವು. ಹೊರಗ ಒಂದು. ತುದಿ ಎಳೆದು, ಗಂಟನ್ನು ಮೇಲಕ್ಕೆ ದೂಡಿ, ಎದ್ದು ನಿಂತ.

"ಎಳಿ."

ಪೆದ್ದಪ್ಪ ಎಳೆದ. ಮತ್ತೆ ಮೈಭಾರ ಬಿಟ್ಟು ಎಳೆದ. ಗಂಟು ಕಚ್ಚಿ ನಿಂತಿತ್ತು.

"ಕಲ್ತಿ ಬಿಡಪ್ಪ," ಎಂದು ಅಂಗೈ ಒರೆಸಿಕೊಂಡ. "ಬಿಟ್ಟಿಯಾಗ ನಿನಗಾದ್ರೂ ಒಂದು ದಕ್ಕಿತು."

ಅವರು ಹೋದರು. ಅವರ ಮಾತಿನ ಸದ್ದು ಮಕ್ತಲದ ಕಡೆಗೆ ಸಣ್ಣದಾಯಿತು. ಜಂಬಪ್ಪ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟ.

ಮೋಡ ಹರಿದು ಇಳಿಬಿಸಿಲು ಬಿದ್ದಾಗ ಮೌಲಾಲಿ ಹೊರಬಂದ. ಅಂಗೈಯಲ್ಲಿ ಹರಳಿನ ಗುರುತು ಕೆಂಪಗೆ ಮೂಡಿತ್ತು. ಬುಗ್ಗಮ್ಮ ಕೊಟ್ಟ ಜೋಳದ ರೊಟ್ಟಿಯನ್ನು ಅಂಗಿಯ ತುದಿಯಲ್ಲಿ ಕಟ್ಟಿಕೊಂಡ. ರಾಯಚೂರಿನ ದಿಕ್ಕಿಗೆ ಮುಖ ಮಾಡಿದವ ತಡೆದು ನಿಂತು, ಎತ್ತುಗಳನ್ನು ನೋಡಿದ.

"ಆ ಹಳ್ಳದಾಗ ಬಿದ್ದದ್ದು ಕರಿ ಎತ್ತು. ಎಡಗೊಂಬು ಮೋಟು ಇತ್ತು."

ಜಂಬಪ್ಪ ತಲೆಯೆತ್ತಿದ. ಅದನ್ನು ಬೇರೆ ಯಾರೂ ನೆನಪಿಟ್ಟಿರಲಾರರೆಂದು ತಿಳಿದಿದ್ದ.

"ಖೀಂಚೋ ಅಂದವ ನಾನ," ಮುದುಕ ಹೇಳಿದ. "ನನ್ನ ಹಿಂದ ಇನ್ನೊಬ್ಬ ನನಗ ಅಂತಿದ್ದ. ಆದ್ರೂ ಅಂದವ ನಾನ."

ಕ್ಷಮಿಸಿದೆನೆನ್ನಲು ಜಂಬಪ್ಪನಿಗೆ ಮನಸ್ಸು ಬರಲಿಲ್ಲ, ಬೈಯಲು ಶಕ್ತಿಯಿರಲಿಲ್ಲ. "ದಾರಿ ಮ್ಯಾಲ ಹೋಗಬ್ಯಾಡ," ಎಂದ ಕಡೆಗೆ. "ಹೊಲದ ಬದು ಹಿಡಕೊಂಡು ಹೋಗು. ಹುಷಾರು."

ಮುದುಕ ಬದುವಿನಲ್ಲಿ ಕುಂಟುತ್ತ ಇಳಿದು ಮರೆಯಾದ. ಬಿಸಿಲಿಗೆ ಹಗ್ಗಗಳು ಆರತೊಡಗಿದ್ದವು. ಆರಿದಂತೆ ಉದ್ದವಾಗಿ, ತಾಡಪತ್ರಿ ಅಲ್ಲಲ್ಲಿ ಜೋತು ಹೊಟ್ಟೆ ಬಿಟ್ಟಿತ್ತು. ಒಂದರಲ್ಲಿ ಮಳೆನೀರು ನಿಂತಿತ್ತು. ಜಂಬಪ್ಪ ಎದ್ದು, ಪರದೆಯ ಈಚೆಗೆ ನಿಂತು, ಒಳಗಿನಿಂದ ಅದನ್ನು ಕೈಯಿಂದೆತ್ತಿ ನೀರು ಚೆಲ್ಲಿದ. ಆಮೇಲೆ ಸುತ್ತು ಬಂದು, ಒಂದೊಂದು ಗಂಟನ್ನೂ ಮುಷ್ಟಿಯಲ್ಲಿ ಹಿಡಿದು ಮೇಲಕ್ಕೆ ದೂಡುತ್ತ ಹೋದ. ತೀರ ಬಿಗಿ ಮಾಡಲಿಲ್ಲ. ಪಡುವಣದಲ್ಲಿ ಮತ್ತೆ ಮೋಡ ಕಾಣುತ್ತಿತ್ತು.

"ಅಪ್ಪಾ, ಹೋದ್ನೇನು?" ಒಳಗಿನಿಂದ ತಿರುಪತಮ್ಮ ಕೇಳಿದಳು.

"ಹೋದ. ಮಲಕೊ ನೀ," ಎಂದು ಜಂಬಪ್ಪ ಮುಂದಿನ ಹಗ್ಗಕ್ಕೆ ಬಾಗಿದ.